ಹದಿನೇಳನೇ ಲಾಟಿನ ಹಳದಿ

ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರದ ಒಂದು ಆಫೀಸಿನಲ್ಲಿ ಲೆಕ್ಕ ನೋಡುವ ಕೆಲಸ ನನ್ನದು. ಆ ವರ್ಷ ಮಾಲೀಕರಿಗೆ ಒಂದು ಅನುಮಾನ ಹುಟ್ಟಿತ್ತು. ಖರೀದಿ ಮಾಡಿದಾಗ ಇದ್ದ ತೂಕ, ಒಣಗಿಸಿ ಕೋಲ್ಡ್ ಸ್ಟೋರೇಜಿಗೆ ಹಾಕುವಾಗ ಇರುತ್ತಿರಲಿಲ್ಲ. ಹಮಾಲರ ಮೇಲೆ ಕಣ್ಣು ಬಿತ್ತು.

ನಾನು ಮೂರು ವಾರ ಕೂತು 40 ಲಾಟಿನ, ಅಂದರೆ ಒಟ್ಟಿಗೆ ಖರೀದಿಸಿದ ಒಂದೊಂದು ರಾಶಿಯ, ಚೀಟಿ ತೆಗೆದೆ. ಪ್ರತಿ ಲಾಟಿಗೂ ಖರೀದಿ ದಿನದ ತೇವ, ಒಣಗಿಸಿದ ಮೇಲಿನ ತೇವ ಬರೆದೆ. 14 ಪರ್ಸೆಂಟ್ ತೇವ ಇರುವ 100 ಕೆಜಿ ಕಾಯಿಯಲ್ಲಿ ಒಣ ಮಾಲು 86 ಕೆಜಿ ಮಾತ್ರ. ಅದನ್ನು 11 ಪರ್ಸೆಂಟಿಗೆ ಒಣಗಿಸಿದರೆ ಒಟ್ಟು ತೂಕ 96.6ಕ್ಕೆ ಇಳಿಯುತ್ತದೆ. ಹತ್ತಿರಹತ್ತಿರ ಮೂರೂವರೆ ಕೆಜಿ ಬಿಸಿಲಿಗೆ ಹೋಯಿತು, ಯಾರ ಮನೆಗೂ ಅಲ್ಲ. ಒಂದು ಲಾಟಿನ ಲೆಕ್ಕ ಮಾತ್ರ ಕೂಡಲಿಲ್ಲ. ಅದು ಹದಿನೇಳನೆಯದು. ಅದಕ್ಕೆ ಹಳದಿ ಬಣ್ಣ ಹಚ್ಚಿಟ್ಟೆ.

ಮಂಗಳವಾರದ ಮೀಟಿಂಗಿನಲ್ಲಿ ನನ್ನ ಪಕ್ಕದ ಟೇಬಲ್ಲಿನ ಹುಡುಗ ಆ ಲೆಕ್ಕವನ್ನು ಪರದೆ ಮೇಲೆ ತೋರಿಸಿದ. "ನಾ ಕೂತು ಲೆಕ್ಕಾ ಹಾಕಿ ನೋಡಿದ್ನಿರಿ" ಅಂದ. ಮಾಲೀಕರು "ಭೇಷ್" ಅಂದರು. ನಾನು ಅಲ್ಲೇ ಎರಡನೇ ಕುರ್ಚಿಯಲ್ಲಿದ್ದೆ. ಪರದೆ ಮೇಲೆ ಹದಿನೇಳನೇ ಲಾಟು ಹಳದಿಯಾಗೇ ಇತ್ತು.

ರಾತ್ರಿ ಹಾವೇರಿಯ ಮನೆಯಲ್ಲಿ ಆಫೀಸ್ ಗ್ರೂಪಿಗೆ ಉದ್ದಕ್ಕೆ ಒಂದು ಮೆಸೇಜ್ ಬರೆದೆ. ಕಳಿಸದೆ ಅಳಿಸಿದೆ. ಒಂದು ತಪ್ಪನ್ನಂತೂ ಮಾಡಿಬಿಟ್ಟೆ. ಬುಧವಾರ ತೂಕದವನ ಮುಂದೆ ಬಾಯಿ ಬಿಟ್ಟೆ. ಅವನು ಮರುಕ ತೋರಿಸಿದ ಅನ್ನೋದು ಬಿಟ್ಟರೆ ಅದರಿಂದ ನನಗೇನೂ ಸಿಗಲಿಲ್ಲ. ನಾನು ಹೇಳುವ ಮೊದಲೇ ಹುಡುಗನಿಗೆ ಸುದ್ದಿ ಮುಟ್ಟಿದರೆ ಏನು ಗತಿ ಅನ್ನೋ ಅಳುಕು ಮಾತ್ರ ಉಳಿಯಿತು.

ಗುರುವಾರ ಸಂತೆ, ಉಸಿರಾಡಲೂ ಪುರುಸೊತ್ತಿಲ್ಲ. ಆ ಒಂದು ದಿನ ತಡವಾಗಿದ್ದು ಒಳ್ಳೆಯದೇ ಆಯಿತು. ಸಂಜೆ ಕಂಪ್ಯೂಟರಿನಲ್ಲಿ ಫೈಲಿನ ಹಳೆಯ ಆವೃತ್ತಿಗಳನ್ನು ತೆಗೆದು ನೋಡಿದೆ. ಲೆಕ್ಕವೆಲ್ಲ ನನ್ನ ಹೆಸರಿನಲ್ಲೇ ಇತ್ತು. ಅವನು ಕಾಪಿ ಮಾಡಿ, ತಲೆಬರಹ ಬದಲಿಸಿ, ಒಂದು ಚಾರ್ಟ್ ಸೇರಿಸಿದ್ದ. ಆ ಚಾರ್ಟ್ ಅವನದೇ. ಇದನ್ನು ನೋಡಿಕೊಂಡಿದ್ದು ಅವನ ಮುಖಕ್ಕೆ ಹಿಡಿಯಲಿಕ್ಕಲ್ಲ. ನನ್ನ ಮಾತಿನಲ್ಲಿ ಒಂದು ಕಾಳೂ ಹೆಚ್ಚಾಗಬಾರದು ಅಂತ, ಅಷ್ಟೇ.

ಶುಕ್ರವಾರ ಮಧ್ಯಾಹ್ನ "ಹತ್ತು ನಿಮಿಷ ಬಾರಪಾ, ಚಾ ಕುಡಿಯೋಣು" ಅಂದೆ. ಒಣಗಿಸುವ ಅಂಗಳದ ಅಂಚಿಗೆ ಹೋಗಿ ನಿಂತೆವು. ಎದುರಾಬದುರು ಅಲ್ಲ, ಇಬ್ಬರೂ ಕೆಂಪು ರಾಶಿಯ ಕಡೆ ಮುಖ ಮಾಡಿ. ಕಣ್ಣಲ್ಲಿ ಕಣ್ಣಿಟ್ಟು ನಿಂತಿದ್ದರೆ ನನ್ನ ದನಿ ಏರುತ್ತಿತ್ತು, ಗೊತ್ತು ನನಗೆ.

"ಮಂಗಳವಾರ ನೀ ತೋರಿಸಿದ ತೇವದ ಲೆಕ್ಕಾ ನಾ ಮೂರು ವಾರ ಕೂತು ಮಾಡಿದ್ದು. ನನ್ನ ಹೆಸರು ಬರಲಿಲ್ಲ. ನನಗ ಬ್ಯಾಸರ ಆತು. ಹೆಂಗಾತು ಅಂತ ನಿನ್ನ ಬಾಯಿಂದ ಕೇಳಬೇಕಂತ ಕರದೆ."

ಇಷ್ಟೇ ಹೇಳಬೇಕು ಅಂತ ಬಸ್ಸಿನಲ್ಲೇ ಬಾಯಿಪಾಠ ಮಾಡಿಕೊಂಡಿದ್ದೆ. ಕದ್ದೆ ಅನ್ನೋ ಮಾತು ಬರಬಾರದು. ಆಮೇಲೆ ಸುಮ್ಮನಿರಬೇಕು. ಈ ಸುಮ್ಮನಿರೋದೇ ಜಾಸ್ತಿ ಕಷ್ಟ. ಅವನು ಚಹಾದ ಕಪ್ಪಿನ ಅಂಚನ್ನು ಉಗುರಿನಿಂದ ಸೀಳುತ್ತ ನಿಂತ. "ಅಯ್ಯೋ ಹೋಗ್ಲಿ ಬಿಡು" ಅನ್ನೋದು ನನ್ನ ನಾಲಿಗೆ ತುದಿಗೇ ಬಂದಿತ್ತು.

"ಹಂಗಲ್ರಿ ಅಕ್ಕಾ. ಸಾಹೇಬ್ರು ಒಮ್ಮೆಲೇ ಕೇಳಿದ್ರು, ಬಾಯಾಗ ಹಂಗ ಬಂತು. ಚಾರ್ಟ್ ನಾನ ಮಾಡಿದ್ನೆಲ್ರಿ..."

"ಹೌದು, ಚಾರ್ಟ್ ನಿಂದೇ. ಛಲೋ ಮಾಡಿದಿ."

ಅಷ್ಟು ಒಪ್ಪಿಕೊಂಡ ಮೇಲೆ ಅವನ ಭುಜ ಸ್ವಲ್ಪ ಇಳಿಯಿತು. "ಸಾಹೇಬ್ರಿಗೆ ಹೇಳ್ತೀರೇನ್ರಿ?" ಅಂದ.

"ನೀನ ಹೇಳು. ನಾಳೆ ತಿಂಗಳ ವರದಿಯ ಮೇಲ್ ಹೋಗತೈತೆಲ್ಲ, ಅದರಾಗ ಒಂದು ಸಾಲು."

"ನೋಡೋಣ್ರಿ" ಅಂದ. ನಮ್ಮ ಕಡೆ "ನೋಡೋಣ" ಅಂದರೆ ಆಗೋದಿಲ್ಲ ಅಂತಲೇ ಅರ್ಥ, ಅಲ್ವಾ? "ಈಗ ಬರಿ, ಇಲ್ಲೇ ನೋಡೂಣು" ಅಂದೆ. ಫೋನ್ ತೆಗೆದು "ಅಕ್ಕನೂ ಸಹಾಯ ಮಾಡಿದ್ದಾರೆ" ಅಂತ ಬರೆದು ತೋರಿಸಿದ. ಬಿಡಬಹುದಿತ್ತು. ಬಿಟ್ಟಿದ್ದರೆ ಮೂರು ವಾರದ ಕೆಲಸ ಸಹಾಯವಾಗಿ ಉಳಿಯುತ್ತಿತ್ತು. "ಸಹಾಯ ಅಲ್ಲಪಾ, ಆದದ್ದಷ್ಟ ಬರಿ" ಅಂದೆ. ಅಳಿಸಿ ಬರೆದ: "ಲೆಕ್ಕ ಅಕ್ಕನದು, ಚಾರ್ಟ್ ನನ್ನದು. ಮೀಟಿಂಗಿನಲ್ಲಿ ಹೇಳುವುದು ಬಿಟ್ಟುಹೋಯಿತು." ಬಿಟ್ಟುಹೋಯಿತು ಅನ್ನೋ ಮಾತು ಅವನ ಮರ್ಯಾದೆಗೆ ಇರಲಿ ಅಂತ ಸುಮ್ಮನಾದೆ.

ಶನಿವಾರ ಮೇಲ್ ಹೋಯಿತು. ಮಾಲೀಕರಿಂದ "ಸರಿ" ಅಂತ ಒಂದೇ ಶಬ್ದ ಬಂತು. ಹುಡುಗ ಎರಡು ದಿನ ನನ್ನ ಜೊತೆ ಊಟಕ್ಕೆ ಕೂರಲಿಲ್ಲ.

ಮುಂದಿನ ಮಂಗಳವಾರ ಮಾಲೀಕರು ಪರದೆ ಕಡೆ ಬೆರಳು ತೋರಿಸಿ, ಈ ಹಳದಿ ಯಾಕೆ ಅಂತ ಕೇಳಿದರು. ಹುಡುಗ ಏನೂ ಹೇಳದೆ ಮೌಸನ್ನು ನನ್ನ ಕಡೆ ಸರಿಸಿದ.