ಮೊದಲ ಚಾರ್ಜಿಂಗ್‌ನಲ್ಲೇ ಡಿಫರೆನ್ಷಿಯಲ್ ಟ್ರಿಪ್: ಸಿಟಿ ವೈರ್ ಮುಟ್ಟಬೇಡಿ ಎಂದು ಯಾಕೆ ಬರೆದೆ

ಚಿತ್ರದುರ್ಗದ ಹತ್ತಿರ ಒಂದು ಕಾರ್ಖಾನೆಗೆ ಹೊಸ 12.5 ಎಂವಿಎ, 66/11 ಕೆವಿ ಟ್ರಾನ್ಸ್‌ಫಾರ್ಮರ್ ಕೂರಿಸಿದ್ದೆವು. ಪೂಜೆ ಮಾಡಿ, ತೆಂಗಿನಕಾಯಿ ಒಡೆದು, 66 ಕೆವಿ ಬ್ರೇಕರ್ ಹಾಕಿದೆವು. ಗುಂಯ್ ಎಂಬ ಸದ್ದು ಬಂದಿದ್ದೇ ತಡ, ಒಳಗೆ ಹೋಗುವ ಕರೆಂಟನ್ನೂ ಹೊರಗೆ ಬರುವ ಕರೆಂಟನ್ನೂ ಹೋಲಿಸಿ ನೋಡುವ ಡಿಫರೆನ್ಷಿಯಲ್ ರಿಲೇ ಟ್ರಿಪ್ ಕೊಟ್ಟಿತು. ಮ್ಯಾನೇಜರ್ ಸಂಜೆಯೊಳಗೆ ರಿಪೋರ್ಟ್ ಕೇಳಿದರು. ಜೊತೆಗೆ, "ಸಿಟಿ ಪೊಲಾರಿಟಿ ಉಲ್ಟಾ ಆಗಿರುತ್ತೆ, ತಿರುಗಿಸಿ ಮತ್ತೆ ಚಾರ್ಜ್ ಮಾಡಿ" ಎಂದೂ ಹೇಳಿದರು. ಸಿಟಿ ಅಂದರೆ ಕರೆಂಟ್ ಟ್ರಾನ್ಸ್‌ಫಾರ್ಮರ್, ದೊಡ್ಡ ಕರೆಂಟನ್ನು ಚಿಕ್ಕದು ಮಾಡಿ ರಿಲೇಗೆ ಕೊಡುವುದು ಅದೇ.

ಸೈಟಿನಲ್ಲಿ ಎಲ್ಲರ ಬಾಯಲ್ಲೂ ಮೊದಲು ಬರುವುದು ಇದೇ ಮಾತು. ಹಾಗಾಗಿ ರಿಪೋರ್ಟಿನ ಮೊದಲ ಸಾಲಲ್ಲೇ ಬರೆದೆ: "ಸರ್, ಈ ಟ್ರಿಪ್‌ಗೆ 11 ಕೆವಿ ಸಿಟಿಯ ಪೊಲಾರಿಟಿ ಕಾರಣ ಆಗಿರಲು ಸಾಧ್ಯವೇ ಇಲ್ಲ."

ಯಾಕೆ ಅಂದರೆ, ಚಾರ್ಜ್ ಮಾಡುವಾಗ 11 ಕೆವಿ ಬ್ರೇಕರ್ ತೆರೆದೇ ಇತ್ತು. ಆ ಕಡೆಯ ಸಿಟಿಯಲ್ಲಿ ಕರೆಂಟೇ ಇರಲಿಲ್ಲ. ಸೊನ್ನೆಯನ್ನು ಯಾವ ಕಡೆಗೆ ತಿರುಗಿಸಿದರೂ ಸೊನ್ನೆಯೇ ಅಲ್ವಾ? ರಿಲೇ ನೋಡಿದ್ದು 66 ಕೆವಿ ಕಡೆಯ ಕರೆಂಟನ್ನು ಮಾತ್ರ. ಒಂದು ಕಡೆಯಿಂದ ಒಳಗೆ ಹೋಗಿ ಇನ್ನೊಂದು ಕಡೆ ಹೊರಗೆ ಬಾರದ ಕರೆಂಟ್ ಪೂರ್ತಿಯಾಗಿ ಡಿಫರೆನ್ಷಿಯಲ್ ಎಂದೇ ಲೆಕ್ಕ. ಪೊಲಾರಿಟಿ ತಪ್ಪಿದ್ದರೆ ಅದು ಗೊತ್ತಾಗುವುದು ಲೋಡ್ ಹಾಕಿದ ಮೇಲೆ.

ಅದೂ ಅಲ್ಲದೆ, ಚಾರ್ಜ್ ಮಾಡುವ ಮುಂಚೆ ಸ್ಟೆಬಿಲಿಟಿ ಟೆಸ್ಟ್ ಆಗಿತ್ತು. 11 ಕೆವಿ ಸಿಟಿಗಳ ಆಚೆ ಮೂರೂ ಫೇಸ್ ಶಾರ್ಟ್ ಮಾಡಿ, 66 ಕೆವಿ ಕಡೆಯಿಂದ 415 ವೋಲ್ಟ್ ಕೊಟ್ಟಿದ್ದೆವು. ಟ್ರಾನ್ಸ್‌ಫಾರ್ಮರ್‌ನ ಇಂಪೀಡೆನ್ಸ್ 9 ಪರ್ಸೆಂಟ್. ಲೆಕ್ಕ ಹಾಕಿದರೆ 66 ಕೆವಿ ಕಡೆ ಸುಮಾರು 7.6 ಆಂಪಿಯರ್, 11 ಕೆವಿ ಕಡೆ ಸುಮಾರು 46 ಆಂಪಿಯರ್ ಹರಿಯಬೇಕು. ಸಿಟಿ ರೇಷಿಯೋ ಒಂದು ಕಡೆ 150/1, ಇನ್ನೊಂದು ಕಡೆ 800/1. ಅಂದರೆ ರಿಲೇಗೆ ಸುಮಾರು 51 ಮತ್ತು 57 ಮಿಲಿ ಆಂಪಿಯರ್ ಬರಬೇಕು. ಬಂದದ್ದೂ ಅಷ್ಟೇ, ರಿಲೇಯಲ್ಲಿ ಡಿಫರೆನ್ಷಿಯಲ್ ಸೊನ್ನೆಯ ಹತ್ತಿರವೇ ಇತ್ತು. ಈ ಕಾಗದ ಕೈಯಲ್ಲಿರುವಾಗ ಸುಮ್ನೆ ಸಿಟಿ ವೈರ್ ತಿರುಗಿಸಿದರೆ, ಸರಿ ಇದ್ದದ್ದನ್ನು ನಾವೇ ಕೆಡಿಸಿದ ಹಾಗೆ. ಲೋಡ್ ಬಂದ ದಿನ ಮತ್ತೆ ಟ್ರಿಪ್ ಆಗುತ್ತಿತ್ತು.

ಹಾಗಾದರೆ ಕಾರಣ ಏನು? ಅದನ್ನು ಹೇಳಿದ್ದು ರಿಲೇಯಲ್ಲಿ ಉಳಿದಿದ್ದ ವೇವ್‌ಫಾರ್ಮ್ ರೆಕಾರ್ಡ್. ಟ್ರಿಪ್ ಆದ ಕೂಡಲೇ ಮೊದಲು ಇಳಿಸಿಕೊಳ್ಳಬೇಕಾದದ್ದು ಅದನ್ನೇ. ಆರ್ ಫೇಸಿನಲ್ಲಿ ಕರೆಂಟ್ ಒಂದೇ ಪಕ್ಕಕ್ಕೆ ಉಬ್ಬಿತ್ತು, ಎರಡು ಉಬ್ಬುಗಳ ನಡುವೆ ಸೊನ್ನೆಯ ಹತ್ತಿರ ಚಪ್ಪಟೆ ಜಾಗ, ಪ್ರತಿ ಸೈಕಲ್‌ಗೂ ಉಬ್ಬು ಸ್ವಲ್ಪ ಸ್ವಲ್ಪ ಇಳಿಯುತ್ತಿತ್ತು. ಇದು ಇನ್‌ರಶ್ ಕರೆಂಟಿನ ಮುಖ, ಅಂದರೆ ಚಾರ್ಜ್ ಮಾಡಿದ ಗಳಿಗೆ ಕೋರ್ ಸ್ಯಾಚುರೇಟ್ ಆಗಿ ಟ್ರಾನ್ಸ್‌ಫಾರ್ಮರ್ ಸ್ವಲ್ಪ ಹೊತ್ತು ಎಳೆಯುವ ಕರೆಂಟ್. ಒಳಗೆ ಶಾರ್ಟ್ ಆಗಿದ್ದರೆ ಅಲೆ ಎರಡೂ ಪಕ್ಕ ತುಂಬಿಕೊಂಡಿರುತ್ತಿತ್ತು, ನಡುವೆ ಚಪ್ಪಟೆ ಜಾಗ ಇರುತ್ತಿರಲಿಲ್ಲ. ಒಳಗೆ ಫಾಲ್ಟ್ ಆದರೆ ಎಣ್ಣೆಯಲ್ಲಿ ಹುಟ್ಟುವ ಗ್ಯಾಸ್ ಹಿಡಿಯುವ ಬುಕೋಲ್ಜ್ ರಿಲೇಯಲ್ಲಿ ಗ್ಯಾಸ್ ಇರಲಿಲ್ಲ. 66 ಕೆವಿ ವೋಲ್ಟೇಜ್ ಕುಸಿದಿರಲಿಲ್ಲ. ಇನ್‌ಸುಲೇಷನ್, ರೇಷಿಯೋ ಮತ್ತೆ ನೋಡಿದೆವು, ಹಳೆಯ ಅಂಕಿಗಳೇ ಬಂದವು.

ಇನ್‌ರಶ್ ಬಂದರೆ ಟ್ರಿಪ್ ಆಗಬಾರದು ಅಂತಲೇ ರಿಲೇಯಲ್ಲಿ ಸೆಕೆಂಡ್ ಹಾರ್ಮೋನಿಕ್ ಬ್ಲಾಕಿಂಗ್ ಇರುತ್ತದೆ. ನಮ್ಮ ಸೆಟ್ಟಿಂಗ್ 15 ಪರ್ಸೆಂಟ್. ಕರೆಂಟಿನಲ್ಲಿ 100 ಹರ್ಟ್ಸ್ ಪಾಲು ಅದಕ್ಕಿಂತ ಜಾಸ್ತಿ ಇದ್ದರೆ ರಿಲೇ ಟ್ರಿಪ್ ಕೊಡದೆ ತಡೆಯುತ್ತದೆ. ರೆಕಾರ್ಡಿನಲ್ಲಿ ಆರ್ ಫೇಸಿನಲ್ಲಿ 31 ಪರ್ಸೆಂಟ್, ವೈ ಫೇಸಿನಲ್ಲಿ 24 ಪರ್ಸೆಂಟ್ ಇತ್ತು. ಎರಡೂ ಸರಿಯಾಗಿ ಬ್ಲಾಕ್ ಆಗಿದ್ದವು. ಬಿ ಫೇಸಿನಲ್ಲಿ ಮಾತ್ರ 11. ಅಲ್ಲಿ ಡಿಫರೆನ್ಷಿಯಲ್ ಕರೆಂಟ್ ಫುಲ್ ಲೋಡಿನ 1.1 ಪಟ್ಟು ಇತ್ತು, ಪಿಕಪ್ ಸೆಟ್ಟಿಂಗ್ 0.25. ಪ್ರತಿ ಫೇಸ್ ತನ್ನ ಪಾಡಿಗೆ ತೀರ್ಮಾನ ಮಾಡುವ ಹಾಗೆ ರಿಲೇ ಸೆಟ್ ಆಗಿತ್ತು. ಬಿ ಫೇಸ್ ಒಂದೇ ಇಡೀ ಬ್ರೇಕರನ್ನು ಬೀಳಿಸಿತು.

ಬಿ ಫೇಸಿನಲ್ಲಿ ಮಾತ್ರ ಯಾಕೆ ಕಡಿಮೆ? ನೇಮ್‌ಪ್ಲೇಟಿನಲ್ಲಿ Dyn11 ಎಂದಿದೆ. ನಾವು ಚಾರ್ಜ್ ಮಾಡಿದ್ದು ಡೆಲ್ಟಾ ಕಡೆಯಿಂದ. ಡೆಲ್ಟಾದಲ್ಲಿ ಲೈನ್ ಕರೆಂಟ್ ಅಂದರೆ ಎರಡು ವೈಂಡಿಂಗ್‌ಗಳ ಕರೆಂಟಿನ ವ್ಯತ್ಯಾಸ. ಎರಡೂ ವೈಂಡಿಂಗ್‌ಗಳ ಇನ್‌ರಶ್‌ನಲ್ಲಿರುವ ಸೆಕೆಂಡ್ ಹಾರ್ಮೋನಿಕ್ ಒಂದನ್ನೊಂದು ಒಂದಿಷ್ಟು ಕಳೆದುಕೊಳ್ಳಬಹುದು. ಬಿ ಫೇಸಿನ ಅಲೆ ಎರಡೂ ಪಕ್ಕಕ್ಕೆ ಚಾಚಿಕೊಂಡಿದ್ದೂ ಇದಕ್ಕೇ. ಜೊತೆಗೆ ಕೋರ್ ತುಂಬಾ ಆಳಕ್ಕೆ ಸ್ಯಾಚುರೇಟ್ ಆದಷ್ಟೂ ಹಾರ್ಮೋನಿಕ್ ಪಾಲು ಇಳಿಯುತ್ತದೆ.

ಕೋರ್ ಅಷ್ಟು ಆಳಕ್ಕೆ ಹೋಗಲು ಕಾರಣ ಹುಡುಕಿದ್ದು ಟೆಸ್ಟ್ ರಿಜಿಸ್ಟರಿನಲ್ಲಿ. ಟೆಸ್ಟಿಂಗ್ ತಂಡ ಕೊನೆಯದಾಗಿ ಮಾಡಿದ್ದು ವೈಂಡಿಂಗ್ ರೆಸಿಸ್ಟೆನ್ಸ್ ಟೆಸ್ಟ್. ಅದರಲ್ಲಿ ಡಿಸಿ ಕರೆಂಟ್ ಬಿಡುತ್ತಾರೆ. ಡಿಸಿ ನಿಲ್ಲಿಸಿದ ಮೇಲೂ ಕೋರಿನಲ್ಲಿ ಅಯಸ್ಕಾಂತತ್ವ ಉಳಿಯುತ್ತದೆ. ಆಗಲೇ ಅರ್ಧ ತುಂಬಿದ ಕೊಡಕ್ಕೆ ಮತ್ತೊಂದು ಕೊಡ ನೀರು ಸುರಿದ ಹಾಗೆ, ಉಳಿದಿದ್ದ ಫ್ಲಕ್ಸ್ ಮೇಲೆ ಚಾರ್ಜಿಂಗ್ ಫ್ಲಕ್ಸ್ ಬಂದು ಸೇರಿತು. ಡಿಮ್ಯಾಗ್ನೆಟೈಸ್ ಮಾಡಬೇಕೆಂಬ ಸಾಲು ಅವರ ಚೆಕ್‌ಲಿಸ್ಟಿನಲ್ಲೇ ಇರಲಿಲ್ಲ.

ಇಲ್ಲಿ ಒಂದು ಎಚ್ಚರಿಕೆಯನ್ನೂ ರಿಪೋರ್ಟಿನಲ್ಲಿ ಸೇರಿಸಿದೆ. ಟ್ರಿಪ್ ಆದ ಮೇಲೆ ಮ್ಯಾಗ್ನೆಟೈಸಿಂಗ್ ಕರೆಂಟ್ ಅಳೆದಾಗ ಕೋರಿನ ಮೂರು ಕಂಬಗಳಲ್ಲಿ, ಅಂದರೆ ಲಿಂಬ್‌ಗಳಲ್ಲಿ, ಒಂದು ಪಕ್ಕದ ಲಿಂಬ್ ಇನ್ನೊಂದು ಪಕ್ಕದ ಲಿಂಬಿಗಿಂತ ಎದ್ದು ಕಾಣುವಷ್ಟು ಜಾಸ್ತಿ ತೋರಿಸಿತು. ಆದರೆ ಅದು ಟ್ರಿಪ್ ಆದ ನಂತರದ ಸ್ಥಿತಿ. ಬ್ರೇಕರ್ ತೆರೆದ ಗಳಿಗೆಯೇ ಕೋರಿನಲ್ಲಿ ಹೊಸದಾಗಿ ಫ್ಲಕ್ಸ್ ಉಳಿಸಿಬಿಡುತ್ತದೆ. ಹಾಗಾಗಿ ಆ ಅಳತೆಯನ್ನು ಸಾಕ್ಷಿಯಾಗಿ ತೋರಿಸುವುದು ಸರಿಯಲ್ಲ. ನಮ್ಮ ಆಧಾರ ಟೆಸ್ಟ್‌ಗಳು ನಡೆದ ಕ್ರಮ ಮತ್ತು ವೇವ್‌ಫಾರ್ಮ್, ಅಷ್ಟೇ.

ಮ್ಯಾನೇಜರ್ ರಿಪೋರ್ಟ್ ಓದಿ, "ಹಾಗಾದರೆ 15 ಅನ್ನು 10 ಮಾಡಿಬಿಡಿ, ಮುಗೀತಲ್ಲ" ಎಂದರು. ನಾನು ಬೇಡ ಅಂದೆ. ಆ ಸೆಟ್ಟಿಂಗ್ ಚಾರ್ಜಿಂಗ್‌ಗೆ ಮಾತ್ರವಲ್ಲ, ವರ್ಷಪೂರ್ತಿ ಇರುತ್ತದೆ. ನಿಜವಾಗಿ ಒಳಗೆ ಫಾಲ್ಟ್ ಆದಾಗ ಸಿಟಿ ಸ್ಯಾಚುರೇಟ್ ಆದರೆ ಅಲ್ಲೂ ಹಾರ್ಮೋನಿಕ್ ಹುಟ್ಟುತ್ತದೆ. ಸೆಟ್ಟಿಂಗ್ ಇಳಿಸಿದಷ್ಟೂ ರಿಲೇ ಅಂಥ ಫಾಲ್ಟನ್ನೂ ಇನ್‌ರಶ್ ಎಂದುಕೊಂಡು ತಡೆಯುವ ಅಪಾಯ ಜಾಸ್ತಿ. ಅದರ ಬದಲು ಕ್ರಾಸ್ ಬ್ಲಾಕಿಂಗ್ ಕೇಳಿದೆ. ಅದರಲ್ಲಿ ಒಂದು ಫೇಸಿನಲ್ಲಿ ಇನ್‌ರಶ್ ಕಂಡರೆ ಮೂರನ್ನೂ ತಡೆಯುತ್ತದೆ. ಇದಕ್ಕೂ ಮಿತಿ ಬೇಕು. ಫಾಲ್ಟ್ ಇರುವ ಟ್ರಾನ್ಸ್‌ಫಾರ್ಮರನ್ನೇ ಚಾರ್ಜ್ ಮಾಡಿದರೆ, ಚೆನ್ನಾಗಿರುವ ಫೇಸಿನ ಇನ್‌ರಶ್ ಟ್ರಿಪ್ಪನ್ನು ತಡ ಮಾಡುತ್ತದೆ. ಅದಕ್ಕೆ 5 ಸೈಕಲ್, ಅಂದರೆ 100 ಮಿಲಿಸೆಕೆಂಡಿಗೆ ಕಟ್ಟಿಹಾಕಿದೆವು. ಬ್ಲಾಕಿಂಗ್‌ಗೆ ಬಗ್ಗದ ಹೈಸೆಟ್ 8 ಪಟ್ಟಿನಲ್ಲೇ ಉಳಿಯಿತು. ದೊಡ್ಡ ಫಾಲ್ಟ್ ಆದರೆ ಅದು ಯಾರಿಗೂ ಕಾಯುವುದಿಲ್ಲ.

ಸೆಟ್ಟಿಂಗ್ ಬದಲಿಸುವ ಮೊದಲು ಡಿಮ್ಯಾಗ್ನೆಟೈಸ್ ಮಾಡಿಸಿದೆವು. ಡಿಸಿಯನ್ನು ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಬಿಡುತ್ತಾ, ಪ್ರತಿ ಸಲ ಕಡಿಮೆ ಮಾಡುತ್ತಾ ಸೊನ್ನೆಗೆ ತರುವುದು. ರೆಸಿಸ್ಟೆನ್ಸ್ ಕಿಟ್‌ನಲ್ಲೇ ಈ ಸೌಲಭ್ಯ ಇತ್ತು. ಆಮೇಲೆ ಎರಡೂ ಪಕ್ಕದ ಲಿಂಬ್‌ಗಳ ಮ್ಯಾಗ್ನೆಟೈಸಿಂಗ್ ಕರೆಂಟ್ ಒಂದಕ್ಕೊಂದು ಹೊಂದಿತು, ನಡುವಿನದು ಸ್ವಲ್ಪ ಕಡಿಮೆ. ಮೂರು ಲಿಂಬಿನ ಕೋರಿನಲ್ಲಿ ಇರಬೇಕಾದದ್ದೇ ಹಾಗೆ.

ಮತ್ತೆ ಚಾರ್ಜ್ ಮಾಡಿದಾಗ ನಿಂತಿತು. ಒಂದು ಸಲ ನಿಂತರೆ ಸಾಲದು ಎಂದು ಇನ್ನೂ ಕೆಲವು ಸಲ ಆಫ್ ಮಾಡಿ ಹಾಕಿಸಿದೆ. ಬ್ರೇಕರ್ ವೋಲ್ಟೇಜ್ ಅಲೆಯ ಯಾವ ಜಾಗದಲ್ಲಿ ಕೂಡುತ್ತದೋ ಅದರ ಮೇಲೆ ಇನ್‌ರಶ್ ಬದಲಾಗುತ್ತದೆ. ಮೊದಲ ಸಲ ಅದೃಷ್ಟದಿಂದಲೂ ನಿಂತಿರಬಹುದು. ಆಮೇಲೆ 11 ಕೆವಿ ಲೋಡ್ 40 ಪರ್ಸೆಂಟಿಗೆ ಏರಿದಾಗ ರಿಲೇ ಸ್ಕ್ರೀನಿನಲ್ಲಿ ಡಿಫರೆನ್ಷಿಯಲ್ ಮೂರು ಫೇಸಿನಲ್ಲೂ 0.02 ಇತ್ತು. ಪೊಲಾರಿಟಿ ಉಲ್ಟಾ ಇದ್ದಿದ್ದರೆ ಅಲ್ಲಿ 0.8 ಕಾಣಬೇಕಿತ್ತು. ಆ ಸ್ಕ್ರೀನಿನ ಫೋಟೋ ತೆಗೆದು ರಿಪೋರ್ಟಿಗೆ ಅಂಟಿಸಿ ಕಳಿಸಿದೆ.