ಒಂದೇ ರಾತ್ರಿಯಲ್ಲಿ ಹೋದ 8,460 ಪಾಯಿಂಟು

ನನಗೆ ಬೇಕಿದ್ದದ್ದು ಒಂದು ಸೂಟ್‌ಕೇಸ್. ಕ್ರೆಡಿಟ್ ಕಾರ್ಡಿನ ರಿವಾರ್ಡ್ ಪಟ್ಟಿಯಲ್ಲಿ ಅದಕ್ಕೆ 9,000 ಪಾಯಿಂಟು. ಎರಡೂವರೆ ವರ್ಷದಿಂದ ಕಾರ್ಡ್ ಉಜ್ಜುತ್ತಾ ಬಂದವಳು ನಾನು, ಹದಿಮೂರು ಸಾವಿರದ ಮೇಲೇ ಇರಬೇಕು ಅನ್ನೋ ಅಂದಾಜು ಮನಸ್ಸಿನಲ್ಲಿತ್ತು. 2024ರ ಆಗಸ್ಟ್ 11, ಭಾನುವಾರ, ಆರಾಮಾಗಿ ಆ್ಯಪ್ ತೆರೆದರೆ ಕಂಡದ್ದು 5,215.

ಮೊದಲು ನನ್ನ ನೆನಪನ್ನೇ ಅನುಮಾನಿಸಿದೆ. ಬಿಲ್ಲು ತಾನಾಗಿಯೇ ಖಾತೆಯಿಂದ ಕಟ್ ಆಗುವ ಹಾಗೆ ಮಾಡಿಟ್ಟ ಮೇಲೆ ಸ್ಟೇಟ್‌ಮೆಂಟ್ ಬಿಚ್ಚಿ ನೋಡುವ ಅಭ್ಯಾಸವೇ ತಪ್ಪಿಹೋಗಿತ್ತು. ನೋಡಿದರೂ ಮೊದಲ ಪುಟದ ಒಟ್ಟು ಮೊತ್ತ, ಅಷ್ಟೇ. ಪಾಯಿಂಟುಗಳ ಲೆಕ್ಕ ಇರುವುದು ಕೊನೆಯ ಪುಟದ ಮೂಲೆಯಲ್ಲಿ, ಬೆರಳಗಲದ ಒಂದು ಡಬ್ಬದಲ್ಲಿ: ಆರಂಭದಲ್ಲಿ ಎಷ್ಟಿತ್ತು, ಎಷ್ಟು ಬಂತು, ಎಷ್ಟು ಬಳಸಿದಿರಿ, ಎಷ್ಟು ಅವಧಿ ಮುಗಿದು ಹೋಯಿತು, ಕೊನೆಗೆ ಎಷ್ಟು ಉಳಿಯಿತು. ಒಂದೊಂದೇ ತಿಂಗಳು ಹಿಂದೆ ಹೋಗುತ್ತಾ ಫೆಬ್ರವರಿಗೆ ಬಂದಾಗ ಸಿಕ್ಕಿತು. ಅವಧಿ ಮುಗಿದದ್ದು: 8,460. ಜನವರಿ 31ರ ರಾತ್ರಿ, ಒಂದೇ ಏಟಿಗೆ.

ಕಸ್ಟಮರ್ ಕೇರಿಗೆ ಫೋನ್ ಮಾಡಿದೆ. ಆ ಹುಡುಗ ತುಂಬಾ ವಿನಯದಿಂದಲೇ ಹೇಳಿದ: "ಮೇಡಂ, ಪಾಯಿಂಟ್ಸ್‌ಗೆ 24 ತಿಂಗಳು ಮಾತ್ರ ವ್ಯಾಲಿಡಿಟಿ. ಎಕ್ಸ್‌ಪೈರ್ ಆದ ಪಾಯಿಂಟ್ಸ್ ವಾಪಸ್ ಬರಲ್ಲ." ಹೌದಲ್ಲ, ನಿಯಮ ಹಾಗೇ ಇದೆ ಅಂದುಕೊಂಡು ಫೋನ್ ಇಟ್ಟೆ. ಅರ್ಧ ದಿನ ನನ್ನನ್ನೇ ಬೈದುಕೊಂಡೆ. ತಮ್ಮನಿಗೆ ಹೇಳಿದರೆ, "ಈ ತಿಂಗಳ ಬಿಲ್ ಕಟ್ಟಬೇಡ ಅಕ್ಕ, ಆಗ ಅವರೇ ಫೋನ್ ಮಾಡ್ತಾರೆ" ಅಂದ. ಮಾಡ್ತಾರೆ, ನಿಜ. ಆದರೆ ಪಾಯಿಂಟ್ ಕೊಡೋದಕ್ಕಲ್ಲ, ತಡವಾದ ಶುಲ್ಕ ಮತ್ತು ಬಡ್ಡಿ ಹಾಕೋದಕ್ಕೆ. ಪಾಯಿಂಟಿನ ಜಗಳವನ್ನು ಬಿಲ್ಲಿಗೆ ಅಂಟಿಸಿದರೆ ನ್ಯಾಯ ನಮ್ಮ ಕಡೆ ಇದ್ದರೂ ತಪ್ಪು ನಮ್ಮದಾಗುತ್ತದೆ.

ಸಂಜೆ ಹೊತ್ತಿಗೆ ಬೇರೊಂದು ವಿಷಯ ತಲೆ ಕೊರೆಯಲು ಶುರುವಾಯಿತು. ಪಾಯಿಂಟು ಗಳಿಸಿದ ತಿಂಗಳಿನಿಂದ 24 ತಿಂಗಳು ಅಂದರೆ, ಅದು ಹೋಗಬೇಕಾದ್ದೂ ತಿಂಗಳು ತಿಂಗಳಾಗಿಯೇ. ಬಂದ ಹಾಗೇ ಹೋಗಬೇಕು. ಈ ತಿಂಗಳು ನಾನೂರು, ಮುಂದಿನ ತಿಂಗಳು ಐನೂರು, ಹೀಗೆ. ಎಂಟೂವರೆ ಸಾವಿರ ಒಟ್ಟಿಗೆ ಸಾಯಬೇಕಾದರೆ ಅಷ್ಟೂ ಒಂದೇ ತಿಂಗಳಲ್ಲಿ ಹುಟ್ಟಿರಬೇಕು. ನಾನು ಯಾವ ತಿಂಗಳೂ ಅಷ್ಟು ಖರ್ಚು ಮಾಡಿದವಳಲ್ಲ.

ಜೊತೆಗೆ ಆ ಸಂಖ್ಯೆ ಎಲ್ಲೋ ನೋಡಿದ ಹಾಗಿತ್ತು. 2023ರ ಅಕ್ಟೋಬರಿನಲ್ಲಿ ಅವರೇ ನನ್ನ ಹಳೇ ಕಾರ್ಡನ್ನು ಮೇಲಿನ ದರ್ಜೆಯ ಕಾರ್ಡಿಗೆ ಬದಲಾಯಿಸಿದ್ದರು. ಹೊಸ ಕಾರ್ಡಿನ ಮೊದಲ ಸ್ಟೇಟ್‌ಮೆಂಟ್ ತೆಗೆದೆ. ಹಳೇ ಕಾರ್ಡಿನಿಂದ ವರ್ಗವಾದ ಪಾಯಿಂಟು: 8,460. ಒಂದಂಕಿ ಆಚೀಚೆ ಇಲ್ಲ! ಇಪ್ಪತ್ತೊಂದು ತಿಂಗಳಲ್ಲಿ ಸಣ್ಣ ಸಣ್ಣದಾಗಿ ಕೂಡಿದ್ದನ್ನು ಗಂಟು ಕಟ್ಟಿ ಹೊಸ ಕಾರ್ಡಿಗೆ ಎಸೆದಿದ್ದಾರೆ, ಇಡೀ ಗಂಟಿಗೆ ಒಂದೇ ತಾರೀಖು ಬರೆದಿದ್ದಾರೆ ಅನ್ನುವುದು ಆಗ ಹೊಳೆಯಿತು. ಹಳೇ ಕಾರ್ಡ್ ಶುರುವಾದದ್ದು 2022ರ ಜನವರಿ. ಅಲ್ಲಿಂದ 24 ತಿಂಗಳು ಎಣಿಸಿದರೆ 2024ರ ಜನವರಿ.

ಹೊಳೆದರೆ ಸಾಲದು, ತೋರಿಸಬೇಕು. ಆ್ಯಪ್‌ನಲ್ಲಿ ಹಳೇ ಕಾರ್ಡಿನ ಸ್ಟೇಟ್‌ಮೆಂಟುಗಳೇ ಇರಲಿಲ್ಲ, ಕಾರ್ಡ್ ನಂಬರ್ ಬದಲಾದ ದಿನ ಅವೂ ಮಾಯ. ಪುಣ್ಯಕ್ಕೆ ಪ್ರತಿ ತಿಂಗಳು ಇಮೇಲಿಗೆ ಬಂದ ಪಿಡಿಎಫ್‌ಗಳನ್ನು ಅಳಿಸಿರಲಿಲ್ಲ. ಅದೇ ಹುಡುಕಾಟದಲ್ಲಿ ಕಾರ್ಡ್ ಬದಲಾಯಿಸುವ ಮೊದಲು ಅವರು ಕಳಿಸಿದ ಇಮೇಲೂ ಸಿಕ್ಕಿತು. ಈಗಿರುವ ಪಾಯಿಂಟುಗಳು ಅವುಗಳ ಉಳಿದ ಅವಧಿಯ ಸಮೇತ ಹೊಸ ಕಾರ್ಡಿಗೆ ಬರುತ್ತವೆ ಅಂತ ಅದರಲ್ಲಿ ಸ್ಪಷ್ಟವಾಗಿ ಇತ್ತು. ಆ ಒಂದು ಸಾಲು ಇಲ್ಲದಿದ್ದರೆ ನನ್ನ ವಾದಕ್ಕೆ ಬೆನ್ನೆಲುಬೇ ಇರುತ್ತಿರಲಿಲ್ಲ.

ನೋಟ್‌ಬುಕ್ ಹಿಡಿದು ಕೂತೆ. ಸ್ಟೇಟ್‌ಮೆಂಟ್ 18ರಿಂದ ಮುಂದಿನ 17ರವರೆಗೆ, ಪಾಯಿಂಟು ಸಾಯುವುದು ಮಾತ್ರ ತಿಂಗಳ ಕೊನೆಯ ದಿನ. ಹಾಗಾಗಿ ಡಬ್ಬದ ಸಂಖ್ಯೆಯನ್ನು ನೇರ ಎತ್ತಿಕೊಳ್ಳುವ ಹಾಗಿರಲಿಲ್ಲ, ಒಂದೊಂದು ಖರೀದಿ ಯಾವ ತಾರೀಖಿಗೆ ಖಾತೆಗೆ ಬಿತ್ತು ಅಂತ ನೋಡಿ ಆಯಾ ತಿಂಗಳಿಗೆ ಹಾಕಬೇಕಾಯಿತು. ಎರಡು ರಾತ್ರಿ ಹಿಡಿಯಿತು. ಕೊನೆಗೆ ನನ್ನ ಲೆಕ್ಕದಲ್ಲಿ ಉಳಿಕೆ 8,580 ಬಂತು, ಅವರದು 8,460. ನೂರಿಪ್ಪತ್ತು ಎಲ್ಲಿ ಹೋಯಿತು? ಮಾರ್ಚ್ 2022ರಲ್ಲಿ ಒಂದು ಮಿಕ್ಸರ್ ತಗೊಂಡು ಸರಿಯಿಲ್ಲ ಅಂತ ವಾಪಸ್ ಕೊಟ್ಟಿದ್ದೆ. ದುಡ್ಡು ಮರಳಿದಾಗ ಅದಕ್ಕೆ ಬಂದಿದ್ದ 120 ಪಾಯಿಂಟನ್ನೂ ಅವರು ಹಿಂದಕ್ಕೆ ತಗೊಂಡಿದ್ದರು. ಅಲ್ಲಿ ಅವರದೇ ಸರಿ. ಹಾಗೇ ಕಳಿಸಿದ್ದರೆ ಮೊದಲ ನೋಟಕ್ಕೇ ಲೆಕ್ಕ ತಪ್ಪು ಅಂತ ಪಕ್ಕಕ್ಕಿಡುತ್ತಿದ್ದರು.

ಕೂಡಿದ್ದು ಹೀಗೆ ನಿಂತಿತು. ಹಳೇ ಕಾರ್ಡಿನಲ್ಲಿ ಒಟ್ಟು ಬಂದದ್ದು 11,460. 2022ರ ಡಿಸೆಂಬರಿನಲ್ಲಿ ನಾನು ಬಳಸಿದ್ದು 3,000. ಅವರ ನಿಯಮದ ಪ್ರಕಾರ ಬಳಸುವಾಗ ಹಳೆಯವು ಮೊದಲು ಕರಗುತ್ತವೆ. ಜನವರಿ 2022ರಲ್ಲಿ ಬಂದದ್ದು 410. ಫೆಬ್ರವರಿ 380, ಮಾರ್ಚ್ 720, ಏಪ್ರಿಲ್ 460, ಮೇ 530, ಇಲ್ಲಿಗೆ 2,500. ಜೂನಿನ 590 ಸೇರಿದರೆ 3,090. ಅಂದರೆ ನಾನು ಬಳಸಿದ 3,000 ಜನವರಿಯಿಂದ ಮೇವರೆಗಿನದ್ದೆಲ್ಲವನ್ನೂ, ಜೂನಿನದ್ದರಲ್ಲಿ 500ನ್ನೂ ತಿಂದುಹಾಕಿತ್ತು. ಜನವರಿ 2022ರ ಪಾಯಿಂಟು ಒಂದೂ ಬಾಕಿ ಇರಲಿಲ್ಲ. ಹಾಗಿದ್ದ ಮೇಲೆ 2024ರ ಜನವರಿ 31ರಂದು ಅವಧಿ ಮುಗಿಯಬೇಕಾದದ್ದು ಸೊನ್ನೆ.

ಒಂದು ಮುಜುಗರದ ಸಂಗತಿಯೂ ಇತ್ತು. ನಾನು ಗಮನಿಸುವ ಹೊತ್ತಿಗೆ ಆಗಸ್ಟ್. ತಪ್ಪೇ ಆಗದಿದ್ದರೂ ಜೂನ್ 2022ರಲ್ಲಿ ಉಳಿದ 90, ಜುಲೈನ 480, ಒಟ್ಟು 570 ಅಷ್ಟರಲ್ಲಿ ತಮ್ಮ ಪಾಡಿಗೆ ಸಾಯುತ್ತಿದ್ದವು. ಇದನ್ನು ಬರೆಯಬೇಕೋ ಮುಚ್ಚಿಡಬೇಕೋ ಅಂತ ಸ್ವಲ್ಪ ಹೊತ್ತು ಯೋಚಿಸಿದೆ. ಬರೆದೆ. ಬೇರೆಯಾಗಿ ಬರೆದೆ: 7,890ಕ್ಕೆ ಇನ್ನೂ ಅವಧಿ ಇದೆ, ಅದನ್ನು ಮರಳಿಸಲೇಬೇಕು, 570ರ ಅವಧಿ ಈಗ ಮುಗಿದಿದೆ, ಆದರೆ ಫೆಬ್ರವರಿಯಿಂದ ಅವು ನನ್ನ ಕೈಯಲ್ಲೇ ಇರಲಿಲ್ಲವಾದ್ದರಿಂದ ಬಳಸುವ ಅವಕಾಶ ಸಿಗಲಿಲ್ಲ, ಅದನ್ನೂ ಪರಿಗಣಿಸಿ. ಆಗಸ್ಟ್ 2022ರ 610 ಪಾಯಿಂಟು ಈ ತಿಂಗಳ ಕೊನೆಗೆ ಮುಗಿಯುವುದರಿಂದ, ನೀವು ಉತ್ತರಿಸಲು ಹಿಡಿಯುವ ದಿನಗಳನ್ನು ನನ್ನ ಲೆಕ್ಕಕ್ಕೆ ಹಾಕಬೇಡಿ ಅಂತಲೂ ಸೇರಿಸಿದೆ.

ಆಗಸ್ಟ್ 19ಕ್ಕೆ ಇಮೇಲ್ ಹೋಯಿತು. 22ಕ್ಕೆ ಉತ್ತರ ಬಂತು. "ನಮ್ಮ ನಿಯಮಗಳ ಪ್ರಕಾರ ರಿವಾರ್ಡ್ ಪಾಯಿಂಟುಗಳ ಅವಧಿ 24 ತಿಂಗಳು." ಅದೇ ಹಾಡು, ಈ ಸಲ ಲಿಖಿತವಾಗಿ. ದೂರಿನ ಸಂಖ್ಯೆಯ ಮುಂದೆ 'ಮುಕ್ತಾಯ' ಅಂತ ಬೇರೆ.

ನನ್ನ ಪತ್ರ ಉದ್ದವಾಗಿತ್ತು, ಅದೇ ನಾನು ಮಾಡಿದ ತಪ್ಪು ಅಂತ ಈಗ ಅನ್ನಿಸುತ್ತದೆ. ಎರಡು ಪುಟದ ಕೋಷ್ಟಕ ಕಂಡ ಮೊದಲ ಹಂತದವರು 'ಎಕ್ಸ್‌ಪೈರ್' ಅನ್ನೋ ಒಂದು ಪದ ಹಿಡಿದು ಸಿದ್ಧ ಉತ್ತರ ಅಂಟಿಸಿದ್ದಾರೆ. ಮರುದಿನ ಅದೇ ದೂರಿನ ಸಂಖ್ಯೆ ಹಾಕಿ, ಮೇಲಿನ ಹಂತದ ದೂರು ಅಧಿಕಾರಿಗೆ ನಾಲ್ಕೇ ಸಾಲು ಬರೆದೆ, ಕೋಷ್ಟಕವನ್ನು ಜೊತೆಗೆ ಲಗತ್ತಿಸಿದೆ.

"24 ತಿಂಗಳ ನಿಯಮವನ್ನು ನಾನು ಪ್ರಶ್ನಿಸುತ್ತಿಲ್ಲ. ಜನವರಿ 31ರಂದು ಅವಧಿ ಮುಗಿಯಿತೆಂದು ತೆಗೆದ 8,460 ಪಾಯಿಂಟುಗಳನ್ನು ನಾನು ಯಾವ ಯಾವ ತಿಂಗಳಲ್ಲಿ ಗಳಿಸಿದ್ದೆ ಎಂಬ ಪಟ್ಟಿ ಕೊಡಿ. ಅವೆಲ್ಲ ಜನವರಿ 2022ರವು ಎನ್ನುವುದಾದರೆ, ಆ ತಿಂಗಳು ನನಗೆ ಬಂದದ್ದು 410 ಎಂದು ನಿಮ್ಮದೇ ಸ್ಟೇಟ್‌ಮೆಂಟ್ ಹೇಳುತ್ತದೆ. ಪಾಯಿಂಟುಗಳು ಅವಧಿ ಸಮೇತ ವರ್ಗವಾಗುತ್ತವೆ ಎಂದ ನಿಮ್ಮ ಇಮೇಲ್ ಲಗತ್ತಿಸಿದ್ದೇನೆ."

ಈ ಪ್ರಶ್ನೆಗೆ ಸಿದ್ಧ ಉತ್ತರ ಇರಲಿಲ್ಲ ಅಂತ ಕಾಣುತ್ತದೆ. ಎರಡು ವಾರ ಏನೂ ಇಲ್ಲ. ಸೆಪ್ಟೆಂಬರ್ 9ಕ್ಕೆ ಒಬ್ಬ ಹೆಂಗಸು ಫೋನ್ ಮಾಡಿದರು, ದನಿ ಕೇಳಿದರೆ ನನಗಿಂತ ಹಿರಿಯರು. ಕೋಷ್ಟಕ ಅವರ ಮುಂದೆಯೇ ಇತ್ತು. "ಈ ಮಾರ್ಚ್‌ದು 840 ಇರೋದನ್ನ 720 ಅಂತ ಯಾಕೆ ಹಾಕಿದೀರಿ?" ಅಂದರು. ಮಿಕ್ಸರ್ ಕಥೆ ಹೇಳಿದೆ. ಸ್ವಲ್ಪ ಹೊತ್ತು ಕೀಬೋರ್ಡ್ ಸದ್ದು. "ಹ್ಞಾಂ, ಸರಿ ಇದೆ" ಅಂದರು. ಆ ಮೂರು ಪದ ಕೇಳಿದ ಮೇಲೆ ನನಗೆ ಧೈರ್ಯ ಬಂತು. ಆಮೇಲೆ ಅವರೇ ಬಿಡಿಸಿ ಹೇಳಿದರು: ಕಾರ್ಡ್ ಬದಲಾದಾಗ ಉಳಿಕೆ ಪೂರ್ತಿ ಒಂದೇ ನಮೂದಾಗಿ ಹೋಗಿದೆ, ಆ ನಮೂದಿಗೆ ಹಳೇ ಕಾರ್ಡ್ ಶುರುವಾದ ತಿಂಗಳು ಕೂತುಬಿಟ್ಟಿದೆ.

"570 ಕೊಡೋಕಾಗಲ್ಲ ಮೇಡಂ. ನೀವು ದೂರು ಕೊಟ್ಟ ದಿನಕ್ಕೆ ಯಾವುದಕ್ಕೆ ಅವಧಿ ಇತ್ತೋ ಅದನ್ನ ಕೊಡ್ತೀವಿ." ನಾನು ಒಂದು ಸಲ ವಾದಿಸಿದೆ, ಅವರು ಒಂದು ಸಲ ಇಲ್ಲ ಅಂದರು. ಬಿಟ್ಟೆ. ಇದಕ್ಕಾಗಿ ಇನ್ನೂ ಮೇಲೆ ಹೋಗಬಹುದಿತ್ತು, ಹೋಗಲಿಲ್ಲ. ಆಗಸ್ಟಿನ 610 ಆದರೂ ಉಳಿಯಿತು, ದೂರಿನ ತಾರೀಖು 19 ಆಗಿತ್ತಲ್ಲ.

ಸೆಪ್ಟೆಂಬರ್ 13ಕ್ಕೆ 7,890 ಬಂದು ಬಿತ್ತು. ಈ ಸಲ ಉಳಿಕೆ ನೋಡಿ ಸುಮ್ಮನಾಗಲಿಲ್ಲ, ಅವಧಿಯ ಪುಟ ತೆರೆದೆ. ತಿಂಗಳು ತಿಂಗಳಾಗಿ ಹರಡಿರಬೇಕಾದದ್ದು ಮತ್ತೆ ಒಂದೇ ಸಾಲಿನಲ್ಲಿ ಕೂತಿತ್ತು, 'ಹೊಂದಾಣಿಕೆ' ಅನ್ನೋ ಹೆಸರಿನಲ್ಲಿ. ಗಳಿಸಿದ ತಿಂಗಳು ಸೆಪ್ಟೆಂಬರ್ 2024, ಮುಗಿಯುವುದು ಸೆಪ್ಟೆಂಬರ್ 2026. ಅದೇ ಗಂಟು, ಅದೇ ಒಂದು ತಾರೀಖು. ಈ ಸಲ ತಾರೀಖು ನನ್ನ ಪಾಲಿಗೆ ಬಿದ್ದಿತ್ತು, ಅಷ್ಟೇ. ಕೆಲವು ಪಾಯಿಂಟಿಗೆ ಎರಡು ವರ್ಷ ಹೆಚ್ಚು ಆಯಸ್ಸು ಸಿಕ್ಕಿತ್ತು. ಇದರ ಬಗ್ಗೆ ಮಾತ್ರ ನಾನು ಯಾರಿಗೂ ದೂರು ಬರೆಯಲಿಲ್ಲ.

ಅಂದೇ ಸಂಜೆ ಸೂಟ್‌ಕೇಸಿಗೆ 9,000 ಕೊಟ್ಟೆ, ಕೊಟ್ಟ ತಕ್ಷಣ ಅದೇ ಪುಟ ಮತ್ತೆ ತೆರೆದು ಯಾವ ತಿಂಗಳಿನಿಂದ ಕಳೆದಿದ್ದಾರೆ ಅಂತ ನೋಡಿದೆ. ಅಕ್ಟೋಬರ್ 2023ರಿಂದಲೇ ಶುರು ಮಾಡಿದ್ದರು.