ಫ್ಲಾಟ್ ತೆಗೆಯದೆ ಲೆನ್ಸ್ ಬಿಚ್ಚಬೇಡಿ: ರಾತ್ರಿ ಆಕಾಶ ಹಿಡಿಯಲು ಹೊರಟವರಿಗೆ

ಕತ್ತಲ ಜಾಗ ಎಲ್ಲಿದೆ, ಅಮಾವಾಸ್ಯೆ ಯಾವಾಗ, ಎಷ್ಟು ಬೆಚ್ಚನೆ ಬಟ್ಟೆ ಬೇಕು ಎಂಬುದನ್ನು ಯಾರು ಬೇಕಾದರೂ ಹೇಳುತ್ತಾರೆ. ಯಾರೂ ಹೇಳದ ವಿಷಯ ಒಂದಿದೆ. ಇಂಥ ಪ್ರವಾಸ ಕೆಡುವುದು ಹೆಚ್ಚಾಗಿ ಬೆಳಗಿನ ಜಾವ, ಎಲ್ಲರೂ ನಿದ್ದೆಗಣ್ಣಲ್ಲಿ ಸಾಮಾನು ಕಟ್ಟುವ ಹೊತ್ತಿಗೆ. ಫ್ಲಾಟ್ ಎಂದರೆ ಧೂಳಿನ ನೆರಳು, ಮೂಲೆಗಳ ಮಬ್ಬು ಆಮೇಲೆ ಅಳಿಸಲು ಅದೇ ಲೆನ್ಸಿನಲ್ಲಿ ಸಮನಾದ ಬೆಳಕಿಗೆ ತೆಗೆಯುವ ಚಿತ್ರ. ಲೆನ್ಸ್ ಒಮ್ಮೆ ಬಿಚ್ಚಿದರೆ ಆ ರಾತ್ರಿಯ ಫ್ಲಾಟ್ ಮತ್ತೆ ಸಿಗುವುದಿಲ್ಲ.

ಒಂದು ಸಾಧಾರಣ ರಾತ್ರಿಯನ್ನೇ ತೆಗೆದುಕೊಳ್ಳಿ. 300 ಮಿಮೀ ಲೆನ್ಸ್, f/4, ಐಎಸ್‌ಒ 1600, ನಕ್ಷತ್ರಗಳ ಜೊತೆ ತಿರುಗುವ ಟ್ರ್ಯಾಕರ್ ಮೇಲೆ ತಲಾ 120 ಸೆಕೆಂಡಿನ 60 ಚಿತ್ರ. ಇದಕ್ಕೇ ಎರಡು ಗಂಟೆ ಬೇಕು. ಮೊದಲು ಮೆನುವಿಗೆ ಹೋಗಿ ಎರಡು ಸೌಲಭ್ಯಗಳನ್ನು ಆಫ್ ಮಾಡಿ.

ಮೊದಲನೆಯದು, ದೀರ್ಘ ಎಕ್ಸ್‌ಪೋಷರಿನ ನಾಯ್ಸ್ ರಿಡಕ್ಷನ್. ಇದು ಪ್ರತಿ ಚಿತ್ರದ ನಂತರ ಶಟರ್ ಮುಚ್ಚಿಕೊಂಡು ಅಷ್ಟೇ ಹೊತ್ತಿನ ಬೆಳಕಿಲ್ಲದ ಚಿತ್ರ, ಅಂದರೆ ಡಾರ್ಕ್ ಒಂದನ್ನು ತೆಗೆದು ಕಳೆಯುತ್ತದೆ. ಎರಡು ಗಂಟೆಯಲ್ಲಿ 60ರ ಬದಲು 30 ಚಿತ್ರ ಮಾತ್ರ ಕೈಗೆ ಬರುತ್ತವೆ. ಅದೂ ಸಾಲದೆಂಬಂತೆ, ಒಂದೇ ಡಾರ್ಕ್ ಕಳೆದಾಗ ಹಾಟ್ ಪಿಕ್ಸೆಲ್ ಹೋಗುತ್ತದೆ ನಿಜ, ಆದರೆ ಆ ಡಾರ್ಕಿನ ಹೊಯ್ದಾಟವೂ ಚಿತ್ರಕ್ಕೆ ಸೇರಿ ಸೆನ್ಸರಿನ ನಾಯ್ಸ್ ಪ್ರತಿ ಚಿತ್ರದಲ್ಲಿ ಸುಮಾರು 1.4 ಪಟ್ಟಾಗುತ್ತದೆ. 25 ಡಾರ್ಕ್‌ಗಳ ಸರಾಸರಿ ಕಳೆದರೆ ಈ ಏರಿಕೆ ಶೇಕಡ 2 ಮಾತ್ರ. ಡಾರ್ಕ್ ತೆಗೆಯುವುದು ಪಿಕ್ಸೆಲ್‌ಗಳಿಗೆ ಅಂಟಿಕೊಂಡ ಸ್ಥಿರ ದೋಷವನ್ನು ಮಾತ್ರ. ಕಾಳುಕಾಳು ನಾಯ್ಸಿಗೆ ಹೆಚ್ಚು ಚಿತ್ರಗಳನ್ನು ಪೇರಿಸುವುದೇ ಮದ್ದು.

ಎರಡನೆಯದು, ಆನ್-ಆಫ್ ಮಾಡಿದಾಗಲೆಲ್ಲ ಸೆನ್ಸರನ್ನು ಅಲುಗಿಸಿ ಧೂಳು ಕೊಡವುವ ವ್ಯವಸ್ಥೆ. ಹೊರಡುವ ಮುಂಚೆ ಒಮ್ಮೆ ಕೊಡವಿಸಿ, ಆಮೇಲೆ ಆಫ್ ಮಾಡಿ. ಮಧ್ಯರಾತ್ರಿ ಬ್ಯಾಟರಿ ಬದಲಿಸುವಾಗ ಅದು ಓಡಿದರೆ ಧೂಳಿನ ಕಣ ಜರುಗುತ್ತದೆ. ಗುರುತು ಸುಲಭ: ಮುಗಿದ ಚಿತ್ರದಲ್ಲಿ ಒಂದು ಕಪ್ಪು ಮಚ್ಚೆ, ಅದರ ಪಕ್ಕದಲ್ಲೇ ಅಷ್ಟೇ ದೊಡ್ಡ ಬಿಳಿ ಮಚ್ಚೆ. ಕಪ್ಪು ಇರುವುದು ಚಿತ್ರ ತೆಗೆದಾಗ ಧೂಳಿದ್ದ ಜಾಗ, ಬಿಳಿ ಇರುವುದು ಫ್ಲಾಟ್ ತೆಗೆದಾಗ ಧೂಳಿದ್ದ ಜಾಗ.

ಈಗ ಡಾರ್ಕ್. ಲೆನ್ಸಿಗೆ ಮುಚ್ಚಳ ಹಾಕಿ, ಅದೇ 120 ಸೆಕೆಂಡು, ಅದೇ ಐಎಸ್‌ಒ, ಅದೇ ತಾಪಮಾನ. ಮೋಸ ಹೋಗುವುದು ಈ ಕೊನೆಯದರಲ್ಲಿ. ಬೆಳಕಿಲ್ಲದೆಯೂ ಸೆನ್ಸರಿನಲ್ಲಿ ಹುಟ್ಟುವ ಡಾರ್ಕ್ ಕರೆಂಟ್ ಸುಮಾರು 6 ಡಿಗ್ರಿ ಏರಿದರೆ ಇಮ್ಮಡಿಯಾಗುತ್ತದೆ. ರಾತ್ರಿ 10ಕ್ಕೆ ಸೆನ್ಸರ್ 24 ಡಿಗ್ರಿ ಇದ್ದು, ಬೆಳಗಿನ ಜಾವ 4ಕ್ಕೆ 18ಕ್ಕೆ ಇಳಿದಿದ್ದರೆ, ಆಗ ತೆಗೆದ ಡಾರ್ಕ್ ಸಂಜೆಯ ಚಿತ್ರಗಳಿಂದ ಅರ್ಧದಷ್ಟನ್ನೇ ಕಳೆಯುತ್ತದೆ, ಕೆಂಪು-ನೀಲಿ ಚುಕ್ಕೆಗಳು ಉಳಿಯುತ್ತವೆ. ಬೆಚ್ಚಗಿನ ಕೋಣೆಗೆ ಬಂದು ಡಾರ್ಕ್ ತೆಗೆದರೆ ಉಲ್ಟಾ. ಹೆಚ್ಚು ಕಳೆದು ಕಪ್ಪು ಗುಂಡಿಗಳು ಬೀಳುತ್ತವೆ. ಚುಕ್ಕೆ ಉಳಿದಿದೆಯೋ ಗುಂಡಿ ಬಿದ್ದಿದೆಯೋ ಎಂದು ಚಿತ್ರವನ್ನು ಶೇಕಡ 200ಕ್ಕೆ ಹಿಗ್ಗಿಸಿ ನೋಡಿ, ತಪ್ಪು ಯಾವ ಕಡೆಗೆಂದು ಅದೇ ಹೇಳುತ್ತದೆ. ಹಾಗಾಗಿ 25 ಡಾರ್ಕ್‌ಗಳನ್ನು ಒಂದೇ ಸಲ ತೆಗೆಯಬೇಡಿ. ಮೋಡ ಬಂದಾಗ, ಊಟಕ್ಕೆ ಕೂತಾಗ, ಕೊನೆಯಲ್ಲಿ ಹೀಗೆ ಹಂಚಿ. ಕೆಲವು ಕ್ಯಾಮೆರಾಗಳು ಕಡತದಲ್ಲೇ ತಾಪಮಾನ ಬರೆದಿಡುತ್ತವೆ. ಕ್ಯಾನನ್ ಕಡತಗಳಾದರೆ:

```
exiftool -CameraTemperature *.CR2
```

ಡಿಎಸ್‌ಎಲ್‌ಆರ್ ಆದರೆ ವ್ಯೂಫೈಂಡರಿಗೂ ಕಪ್ಪು ಟೇಪ್ ಹಚ್ಚಿ. ಮುಚ್ಚಳ ಹಾಕಿದ್ದರೂ ಹಿಂದಿನಿಂದ ಬೆಳಕು ನುಸುಳುತ್ತದೆ.

ಫ್ಲಾಟಿಗೆ ದುಬಾರಿ ಬೆಳಕಿನ ಹಲಗೆ ಬೇಕೆನ್ನುವವರಿದ್ದಾರೆ. ಬೇಡ. ಒಗೆದು ತೆಳುವಾದ ಬಿಳಿ ಬನಿಯನ್ನೇ ಸಾಕು, ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಬ್ಯಾಟರಿ ಬೇಡ, ಒಡೆಯುವುದಿಲ್ಲ, ಚೀಲದ ಮೂಲೆಯಲ್ಲಿ ಕೂರುತ್ತದೆ. ಎರಡು ಪದರ ಮಾಡಿ, ಸುಕ್ಕಿಲ್ಲದಂತೆ ಲೆನ್ಸಿನ ಬಾಯಿಗೆ ಎಳೆದು ರಬ್ಬರ್ ಬ್ಯಾಂಡ್ ಹಾಕಿ, ಬೆಳಗಾಗುತ್ತಿರುವ ಆಕಾಶದ ನೆತ್ತಿಗೆ ತಿರುಗಿಸಿ. ಫೋಕಸ್ ರಿಂಗ್ ಮುಟ್ಟಬೇಡಿ, f/4 ಹಾಗೇ ಇರಲಿ, ಐಎಸ್‌ಒ ಬದಲಿಸಬೇಡಿ. ಶಟರ್ ವೇಗ ಮಾತ್ರ ಬದಲಿಸಿ, ಹಿಸ್ಟೋಗ್ರಾಮಿನ ಗುಡ್ಡ ನಡುಮಧ್ಯೆ ನಿಲ್ಲುವಂತೆ ನೋಡಿಕೊಳ್ಳಿ. ಐದೈದು ಚಿತ್ರಕ್ಕೊಮ್ಮೆ ಬಟ್ಟೆಯನ್ನು ಕಾಲು ಸುತ್ತು ತಿರುಗಿಸಿ 20 ತೆಗೆದರೆ ನೇಯ್ಗೆಯ ಏರುಪೇರೂ ಸರಾಸರಿಯಲ್ಲಿ ಕರಗುತ್ತದೆ. ಮೊಬೈಲ್ ಪರದೆಯ ಬೆಳಕಲ್ಲಿ ತೆಗೆದರೆ ಅದರ ಮಿನುಗಿಗೆ ಅಡ್ಡ ಪಟ್ಟೆ ಬೀಳುವ ಸಾಧ್ಯತೆ ಇದೆ.

f/4 ಯಾಕೆ ಹಾಗೇ ಇರಬೇಕೆಂದರೆ, ಧೂಳಿನ ನೆರಳಿನ ಅಗಲ ಸ್ಥೂಲವಾಗಿ ಸೆನ್ಸರಿನಿಂದ ಅದರ ದೂರವನ್ನು ಎಫ್ ಸಂಖ್ಯೆಯಿಂದ ಭಾಗಿಸಿದಷ್ಟು. 2 ಮಿಮೀ ಮುಂದಿನ ಗಾಜಿನ ಮೇಲೆ ಕೂತ ಕಣ f/4ರಲ್ಲಿ ಅರ್ಧ ಮಿಮೀ ನೆರಳು ಬೀಳಿಸುತ್ತದೆ. ಪಿಕ್ಸೆಲ್ 4 ಮೈಕ್ರಾನ್ ಇದ್ದರೆ 125 ಪಿಕ್ಸೆಲ್ ಅಗಲ. f/8ರಲ್ಲಿ ಅದೇ ಕಣ ಅರ್ಧ ಅಗಲದ, ಇನ್ನೂ ಗಾಢವಾದ ಮಚ್ಚೆ.

ಡಾರ್ಕನ್ನು ಕಳೆಯಬೇಕು, ಫ್ಲಾಟಿನಿಂದ ಭಾಗಿಸಬೇಕು. ನೆರಳು ಬೆಳಕನ್ನು ಇಷ್ಟು ಪಾಲು ತಡೆಯುತ್ತದೆ, ಹಾಗಾಗಿ ಅದನ್ನು ಸರಿಪಡಿಸಲು ಭಾಗಾಕಾರವೇ ಬೇಕು. ಭಾಗಿಸುವ ಮುನ್ನ ಎರಡರಲ್ಲೂ ಕ್ಯಾಮೆರಾ ತಾನಾಗಿ ಸೇರಿಸುವ ಕಪ್ಪುಮಟ್ಟ ಹೋಗಿರಬೇಕು. ಕಪ್ಪುಮಟ್ಟ 2048, ಧೂಳು ತಡೆಯುವುದು ಶೇಕಡ 10, ಆಕಾಶದ ನಿಜವಾದ ಬೆಳಕು 1000 ಅಂದುಕೊಳ್ಳಿ. ನೆರಳಿನೊಳಗೆ 900 ಉಳಿಯುತ್ತದೆ. ಫ್ಲಾಟ್ 8000, ನೆರಳಲ್ಲಿ 7200. ಅನುಪಾತ 0.9, 900 ಭಾಗಿಸು 0.9 ಎಂದರೆ 1000, ಧೂಳು ಮಾಯ. ಫ್ಲಾಟಿನಿಂದ ಈ ಕಪ್ಪುಮಟ್ಟವನ್ನು, ಅಂದರೆ ಬಯಾಸನ್ನು, ಕಳೆಯದೆ ಬಿಟ್ಟರೆ ಅದು 10048 ಮತ್ತು 9248 ಆಗಿ ಅನುಪಾತ 0.92, ಉತ್ತರ 978, ಮಸುಕು ಮಚ್ಚೆ ಉಳಿಯಿತು. ಡಾರ್ಕ್ ಕಳೆಯದ ಚಿತ್ರವನ್ನು ಸರಿಯಾದ ಫ್ಲಾಟಿನಿಂದ ಭಾಗಿಸಿದರೆ ಸುತ್ತ 3048, ನೆರಳಲ್ಲಿ 3276. ಧೂಳು ಬೆಳ್ಳಗೆ ಹೊಳೆಯುತ್ತದೆ, ಮೂಲೆಗಳೂ ನಡುವಿಗಿಂತ ಬೆಳಗುತ್ತವೆ. ಮಚ್ಚೆ ಕಪ್ಪಾದರೆ ಮೊದಲು ಫ್ಲಾಟಿನ ಬಯಾಸ್ ನೋಡಿ, ಬೆಳ್ಳಗಾದರೆ ಡಾರ್ಕ್ ನೋಡಿ.

ಬಯಾಸ್ ಎಂದರೆ ಮುಚ್ಚಳ ಹಾಕಿ ಅದೇ ಐಎಸ್‌ಒದಲ್ಲಿ, ಕ್ಯಾಮೆರಾದ ಅತಿ ವೇಗದ ಶಟರಿನಲ್ಲಿ ತೆಗೆದ ಚಿತ್ರಗಳು. ಮನೆಗೆ ಬಂದು ತೆಗೆದರೂ ನಡೆಯುತ್ತದೆ, ಕತ್ತಲಲ್ಲಿ ಅದಕ್ಕೆ ಹೊತ್ತು ಕಳೆಯಬೇಡಿ. ಸಿರಿಲ್ ತಂತ್ರಾಂಶದಲ್ಲಿ, ಬಯಾಸ್ ಸರಾಸರಿ ಸಿದ್ಧವಾದ ಮೇಲೆ ಕ್ರಮ ಹೀಗೆ:

```
calibrate flat -bias=bias_stacked
stack pp_flat rej 3 3 -norm=mul -out=pp_flat_stacked
stack dark rej 3 3 -nonorm -out=dark_stacked
calibrate light -dark=dark_stacked -flat=pp_flat_stacked -cc=dark -cfa -equalize_cfa -debayer
```

ಡಾರ್ಕಿನಲ್ಲಿ ಕಪ್ಪುಮಟ್ಟವೂ ಸೇರಿರುವುದರಿಂದ ಚಿತ್ರಕ್ಕೆ ಮತ್ತೆ ಬಯಾಸ್ ಕಳೆಯಬೇಡಿ. ಎರಡು ಸಲ ಕಳೆದರೆ ಆಕಾಶವೇ ಸೊನ್ನೆಗೆ ಕುಸಿಯುತ್ತದೆ.

ಇಷ್ಟಾದರೂ ಮಸುಕು ಭಾಗ ಕಾಣುವಂತೆ ಚಿತ್ರವನ್ನು ಸ್ಟ್ರೆಚ್ ಮಾಡಿದಾಗ ಓರೆಯಾಗಿ ಮಳೆ ಸುರಿದಂಥ ಗೆರೆಗಳು ಕಂಡರೆ, ಡಾರ್ಕಿನ ಅಳಿದುಳಿದ ಗುರುತು ಪ್ರತಿ ಚಿತ್ರದಲ್ಲೂ ಒಂದೇ ದಿಕ್ಕಿಗೆ ಜಾರಿದೆ ಎಂದರ್ಥ. ಮೂರ್ನಾಲ್ಕು ಚಿತ್ರಕ್ಕೊಮ್ಮೆ ಟ್ರ್ಯಾಕರನ್ನು ಹತ್ತಾರು ಪಿಕ್ಸೆಲ್‌ನಷ್ಟು ಬೇರೆ ಬೇರೆ ಕಡೆ ಸರಿಸಿದ್ದರೆ ಅದು ಚದುರಿಹೋಗುತ್ತಿತ್ತು. ಇಬ್ಬನಿ ಕೂತ ಲೆನ್ಸಿಗೆ ಮಾತ್ರ ಯಾವ ಫ್ಲಾಟೂ ಹೊಂದುವುದಿಲ್ಲ, ಏಕೆಂದರೆ ಅದರ ಮಬ್ಬು ಹತ್ತು ನಿಮಿಷಕ್ಕೊಮ್ಮೆ ಬೇರೆ. ಅಂಥ ಚಿತ್ರಗಳನ್ನು ಎತ್ತಿ ಹೊರಗಿಡಿ.